ಫೋಟೋ ಹಿಂದಿನ ಕವರು

ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆಗೆ ಬರುವ ಹೊತ್ತಿಗೆ ಅದರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಒಂದೊಂದು ಸ್ಟೇಷನ್ನಿನಲ್ಲೂ ಊಟದ ಡಬ್ಬಿ ಹಿಡಿದ ಜನ ಹತ್ತುತ್ತಾರೆ. ನಮ್ಮೂರವರು ಹತ್ತುವಾಗ ಬಾಗಿಲಲ್ಲಿ ಜೋತುಬಿದ್ದೇ ಹೋಗಬೇಕು. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ನಿಂತುಹೋಯಿತು. ಅಲ್ಲಿಂದೀಚೆಗೆ ಕೆ.ಜಿ.ಎಫ್.ನ ಕೆಲಸವೆಲ್ಲ ಈ ರೈಲಿನ ಇನ್ನೊಂದು ತುದಿಗೆ, ವೈಟ್‌ಫೀಲ್ಡಿಗೆ, ಕಂಟೋನ್ಮೆಂಟಿಗೆ ಹೋಗಿ ಕೂತಿತು. ಸಂಬಳ ಅಲ್ಲಿ, ಮನೆ ಇಲ್ಲಿ, ಮನೆ ಮೇಲಿನ ಸಾಲವೂ ಇಲ್ಲಿ. ನಡುವೆ ಇರುವುದು ಈ ರೈಲು. ಅಲ್ಲಿನ ಕೆಲಸ ಹೋದರೆ ಇಲ್ಲಿನ ಕಂತು ನಿಲ್ಲುತ್ತದೆ.

ನಾನು ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ, ನಿವೃತ್ತನಾಗಿ, ಬಂಗಾರಪೇಟೆಯಲ್ಲೇ ಉಳಿದವನು. ಸಾಲ ಕೊಡುವ ಮೇಜಿನ ಹಿಂದೆಯೂ ಕೂತಿದ್ದೇನೆ, ವಸೂಲಿ ಮಾಡುವ ಮೇಜಿನ ಹಿಂದೆಯೂ ಕೂತಿದ್ದೇನೆ. ಅದು ಊರಿನವರಿಗೆ ಗೊತ್ತಿರುವುದರಿಂದ ವಾರಕ್ಕೊಬ್ಬರಾದರೂ ಒಂದು ಕವರು ಹಿಡಿದು ಮನೆಗೆ ಬರುತ್ತಾರೆ. ಕವರು ಸಾಮಾನ್ಯವಾಗಿ ತಡವಾಗಿಯೇ ಬರುತ್ತದೆ. ಅಂಚೆಯವನು ತಡ ಮಾಡಿದ್ದಲ್ಲ. ಮನೆಗೆ ಬಂದ ಕಾಗದ ದೇವರ ಫೋಟೋ ಹಿಂದೆ, ಅಕ್ಕಿ ಡಬ್ಬದ ಮೇಲೆ, ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ತಿಂಗಳು ಕೂತು, ಆಮೇಲೆ ನನ್ನ ಹತ್ತಿರ ಬರುತ್ತದೆ.

2025ರ ಜೂನ್ 7, ಶನಿವಾರ ಬಂದವನು ಅಂಡರ್ಸನ್‌ಪೇಟೆಯ ಹುಡುಗ. ಹುಡುಗ ಎಂದರೂ ಮೂವತ್ತೈದು ದಾಟಿದೆ. ಅವನ ತಂದೆ ಗಣಿಯಲ್ಲಿ ಭೂಮಿಯೊಳಗೆ ಇಳಿದು ದುಡಿದವರು, ನನ್ನ ಹಳೆಯ ಗ್ರಾಹಕರು. ಗಣಿ ಮುಚ್ಚಿದಾಗ ಬಂದ ಹಣದಲ್ಲಿ ಬಂಗಾರಪೇಟೆ ಅಂಚಿನಲ್ಲಿ ಒಂದು ಸೈಟು ತೆಗೆದಿದ್ದರು. ಮಗ ಅದರ ಮೇಲೆ ಮನೆ ಕಟ್ಟಿದ. ಕಟ್ಟಲು ಬ್ಯಾಂಕಿನಿಂದ 15 ಲಕ್ಷ ತೆಗೆದ. ಇಪ್ಪತ್ತು ವರ್ಷದ ಅವಧಿ, ಕಂತು ತಿಂಗಳಿಗೆ 13,496 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖು. ಬಡ್ಡಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಲೆಕ್ಕ ಕೈಗೆ ಸಿಗಲಿ ಎಂದು ಶೇಕಡಾ 9 ಅಂತಲೇ ಇಟ್ಟುಕೊಳ್ಳೋಣ. 2021ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ 48 ಕಂತು ಒಂದೂ ತಪ್ಪದೆ ಕಟ್ಟಿದ್ದಾನೆ. ಡಿಸೆಂಬರ್ ಕೊನೆಗೆ ವೈಟ್‌ಫೀಲ್ಡಿನ ಕಾರ್ಖಾನೆಯಲ್ಲಿ ಕೆಲಸ ಹೋಯಿತು.

"ಸಾರ್, ಇದು ಏಪ್ರಿಲ್‌ನಲ್ಲೇ ಬಂದಿತ್ತಂತೆ. ಅಮ್ಮ ಮುರುಗನ ಫೋಟೋ ಹಿಂದೆ ಇಟ್ಟುಬಿಟ್ಟಿದ್ರು. ನಾನು ಬೇಜಾರು ಮಾಡ್ಕೋತೀನಿ ಅಂತ ಹೇಳಲಿಲ್ಲ ಸಾರ್."

ಕವರು ಒಡೆದಿರಲೂ ಇಲ್ಲ. ನಾನೇ ಒಡೆದೆ. ಮೊದಲು ನೋಡಿದ್ದು ಮೊತ್ತವನ್ನಲ್ಲ, ತಾರೀಖನ್ನು: ಏಪ್ರಿಲ್ 25. ಬೆರಳು ಮಡಿಸಿ ಎಣಿಸಿದೆ. ಇನ್ನು 17 ದಿನ ಇತ್ತು.

ಆ 17 ದಿನದ ಕಥೆಗೆ ಬರುವ ಮೊದಲು ಅವನು ಹೇಳಿದ ಇನ್ನೊಂದು ಮಾತು ಬರೆಯಬೇಕು. "ಮೂರು ಡ್ಯೂ ಆಗೋವರೆಗೂ ಬ್ಯಾಂಕಿನವರು ಏನೂ ಮಾಡಲ್ಲ ಅಂತ ರೈಲಿನಲ್ಲಿ ಎಲ್ಲರೂ ಹೇಳ್ತಾರೆ ಸಾರ್." ಈ ಮಾತನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟು ಬಾಯಲ್ಲಿ ಕೇಳಿದ್ದೇನೋ. ಅರ್ಧ ನಿಜ ಇರುವುದರಿಂದಲೇ ಇದು ಅಪಾಯದ ಮಾತು. ಬ್ಯಾಂಕು ಡ್ಯೂ ಎಣಿಸುವುದಿಲ್ಲ, ದಿನ ಎಣಿಸುತ್ತದೆ. ಎಣಿಸುವುದು ಮ್ಯಾನೇಜರೂ ಅಲ್ಲ. ಪ್ರತಿ ರಾತ್ರಿ ದಿನದ ಲೆಕ್ಕ ಮುಗಿಸುವಾಗ ಕಂಪ್ಯೂಟರು ತಾನಾಗಿ ಎಣಿಸುತ್ತದೆ. 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದನ್ನು ಉದಾಹರಣೆ ಸಮೇತ ಬಿಡಿಸಿ ಹೇಳಿದೆ. ಮ್ಯಾನೇಜರು ಎಷ್ಟೇ ಒಳ್ಳೆಯವರಾದರೂ ಆ ರಾತ್ರಿಯ ಲೆಕ್ಕವನ್ನು ತಡೆದು ನಿಲ್ಲಿಸಲು ಅವರಿಂದ ಆಗುವುದಿಲ್ಲ.

ನಮ್ಮ ಹುಡುಗನ ಖಾತೆಯಲ್ಲೇ ನೋಡೋಣ. ಜನವರಿ 5ರ ಕಂತು ಬರಲಿಲ್ಲ. ಆ ರಾತ್ರಿಯಿಂದಲೇ ಖಾತೆ ಬಾಕಿ. ಅದಕ್ಕೆ ಎಸ್‌ಎಂಎ-0 ಅನ್ನುತ್ತಾರೆ, ನಿಗಾ ಇಡಬೇಕಾದ ಖಾತೆ ಎಂದು ಅರ್ಥ. 30 ದಿನ ತುಂಬಿದ್ದು ಫೆಬ್ರವರಿ 4ಕ್ಕೆ, ಅಂದು ಅದು ಎಸ್‌ಎಂಎ-1. 60 ದಿನ ತುಂಬಿದ್ದು ಮಾರ್ಚ್ 6ಕ್ಕೆ, ಅಂದು ಎಸ್‌ಎಂಎ-2. 90 ದಿನ ತುಂಬಿದ್ದು ಏಪ್ರಿಲ್ 5ಕ್ಕೆ. ಆ ರಾತ್ರಿ ಖಾತೆ ಎನ್‌ಪಿಎ ಆಯಿತು. ನಮ್ಮ ಪತ್ರಿಕೆಗಳು ಇದನ್ನು ವಸೂಲಾಗದ ಸಾಲ ಅಂತ ಬರೆಯುತ್ತವೆ. ಬ್ಯಾಂಕಿನವರು ಮಾತಿನಲ್ಲಿ "ಎನ್‌ಪಿಎ ಆಗೋಯ್ತು" ಅನ್ನುವಾಗ ದನಿ ತಗ್ಗುತ್ತದೆ, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವ ಹಾಗೆ.

ಬೆಳೆ ಸಾಲದ ಲೆಕ್ಕ ಬೇರೆ, ಅಲ್ಲಿ ದಿನದ ಬದಲು ಬೆಳೆಯ ಹಂಗಾಮು ಎಣಿಸುತ್ತಾರೆ. ನಮ್ಮ ಟೊಮೆಟೊ, ರೇಷ್ಮೆ ರೈತರ ಮಾತನ್ನು ಇನ್ನೊಂದು ದಿನ ಬರೆಯುತ್ತೇನೆ. ಇಲ್ಲಿ ಹೇಳುತ್ತಿರುವುದು ತಿಂಗಳ ಕಂತಿನ ಸಾಲ.

ಈಗ ಮಾರ್ಚ್ 20ಕ್ಕೆ ಬನ್ನಿ. ಆ ದಿನ ಹುಡುಗ ಅಕ್ಕನ ಹತ್ತಿರ 8,000 ರೂಪಾಯಿ ಇಸಕೊಂಡು ಖಾತೆಗೆ ಕಟ್ಟಿದ್ದ. ಬ್ಯಾಂಕಿನವರು ನನ್ನ ನಿಯತ್ತು ನೋಡಲಿ ಎಂಬ ಭಾವನೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಟ್ಟಿದ ಹಣ ಯಾವಾಗಲೂ ಅತಿ ಹಳೆಯ ಬಾಕಿಗೆ ಮೊದಲು ಹೋಗುತ್ತದೆ. ಅದು ಜನವರಿಯ ಕಂತಿಗೆ ಹೋಯಿತು. ಆದರೆ ಜನವರಿ ಕಂತು ಪೂರ್ತಿ ತೀರಲಿಲ್ಲ, 5,496 ರೂಪಾಯಿ ಉಳಿಯಿತು. ಒಂದು ರೂಪಾಯಿ ಉಳಿದರೂ ಹಳೆಯ ಬಾಕಿಯ ತಾರೀಖು ಜನವರಿ 5 ಅಂತಲೇ ಇರುತ್ತದೆ. ಹಾಗಾಗಿ ಎಣಿಕೆ ಅಲ್ಲಾಡಲಿಲ್ಲ. ಇನ್ನು 5,496 ಸೇರಿಸಿ ಒಂದು ಕಂತು ಪೂರ್ತಿ ಮಾಡಿದ್ದರೆ ಜನವರಿ ಅಳಿಸಿಹೋಗಿ, ಅತಿ ಹಳೆಯ ಬಾಕಿ ಫೆಬ್ರವರಿ 5ರದ್ದು ಆಗುತ್ತಿತ್ತು. ಎನ್‌ಪಿಎ ಆಗುವ ದಿನ ಏಪ್ರಿಲ್ 5ರಿಂದ ಮೇ 6ಕ್ಕೆ ಸರಿಯುತ್ತಿತ್ತು. ಆ ಒಂದು ತಿಂಗಳಲ್ಲಿ ಇನ್ನೊಂದು ಕಂತು ಹೊಂದಿಸಿದ್ದರೆ ಮತ್ತೊಂದು ತಿಂಗಳು. ಕೆಲಸ ಹುಡುಕುವವನಿಗೆ ಅದು ದೊಡ್ಡ ಕಾಲ. ಹೀಗಾಗಿಯೇ ನಾನು ಬಂದವರಿಗೆಲ್ಲ ಹೇಳುವುದು: ಕೈಯಲ್ಲಿರುವ ಹಣ ಒಂದು ಪೂರ್ತಿ ಕಂತಿಗೆ ಸಾಲದಿದ್ದರೆ, ಎಷ್ಟು ಬಾಕಿ ಇದೆ, ಯಾವ ತಾರೀಖಿನದು, ಎಷ್ಟು ಕಟ್ಟಿದರೆ ಹಳೆಯ ಕಂತು ಪೂರ್ತಿ ತೀರುತ್ತದೆ ಅಂತ ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಿ, ಆಮೇಲೆ ಕಟ್ಟಿ.

ಏಪ್ರಿಲ್ 5ರ ರಾತ್ರಿಯ ನಂತರ ಈ ಉಪಾಯ ಕೆಲಸ ಮಾಡುವುದಿಲ್ಲ. ಎನ್‌ಪಿಎ ಆಗುವ ಮುಂಚೆ ಒಂದೊಂದು ಕಂತು ಕಟ್ಟಿ ಹಿಂದೆ ಸರಿಯಬಹುದು. ಆದಮೇಲೆ ಅಸಲು, ಬಡ್ಡಿ ಸೇರಿ ಇರುವಷ್ಟೂ ಬಾಕಿ ಪೂರ್ತಿ ತೀರಿದರೆ ಮಾತ್ರ ಖಾತೆ ಮತ್ತೆ ಸರಿಯಾದ ಸಾಲಗಳ ಪಟ್ಟಿಗೆ ಬರುತ್ತದೆ. ಎರಡು ಕಂತು ಕಟ್ಟಿದೆ, ಮೂರು ಕಟ್ಟಿದೆ ಅಂದರೆ ಆಗುವುದಿಲ್ಲ. ಇದೂ ಅದೇ 2021ರ ಸುತ್ತೋಲೆಯಲ್ಲಿದೆ. ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಇನ್ನೊಂದು ಸಾಲ ಇದ್ದು, ಅದನ್ನು ಸರಿಯಾಗಿ ಕಟ್ಟುತ್ತಿದ್ದರೂ ಅದೂ ಎನ್‌ಪಿಎ ಆಗುತ್ತದೆ. ಎಣಿಕೆ ಖಾತೆಯದ್ದಾದರೂ ಹಣೆಪಟ್ಟಿ ಮನುಷ್ಯನಿಗೆ.

ಹಣೆಪಟ್ಟಿ ಅಂದಾಗ ನೆನಪಾಯಿತು. ಕಂತು ತಪ್ಪಿದವನಿಗೆ ಕನ್ನಡದಲ್ಲಿ ಸುಸ್ತಿದಾರ ಅನ್ನುತ್ತೇವೆ. ಸಹಕಾರ ಸಂಘಗಳ ನೋಟಿಸು ಬೋರ್ಡಿನಲ್ಲಿ ಸುಸ್ತಿದಾರರ ಪಟ್ಟಿ ಅಂತ ದೊಡ್ಡಕ್ಷರದಲ್ಲಿ ಬರೆದು ಅಂಟಿಸುತ್ತಿದ್ದುದನ್ನು ನೋಡಿದ್ದೇನೆ. ಇದು ಪಾರಸಿಯ ಸುಸ್ತ್ ಎಂಬ ಮಾತಿನಿಂದ ಬಂದದ್ದು. ಸಡಿಲ, ನಿಧಾನ, ಸೋಮಾರಿ ಎಂಬ ಅರ್ಥ. ಅದೇ ಮಾತು ನಮ್ಮ ಬಾಯಲ್ಲಿ ಸುಸ್ತು ಆಗಿ ಆಯಾಸ ಅನ್ನುವ ಅರ್ಥವನ್ನೂ ಪಡೆಯಿತು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಮಾರಿಕುಪ್ಪಂ ರೈಲು ಹಿಡಿದು, ರಾತ್ರಿ ಒಂಬತ್ತಕ್ಕೆ ಮನೆ ಸೇರುವವರ ಊರಿನಲ್ಲಿ ಈ ಎರಡನೆಯ ಅರ್ಥವೇ ಸತ್ಯಕ್ಕೆ ಹತ್ತಿರ. ನನ್ನ ಸೇವೆಯಲ್ಲಿ ನಾನು ನೋಡಿದ ಸುಸ್ತಿದಾರರಲ್ಲಿ ಬಹುಪಾಲು ಜನ ಕೆಲಸ ಹೋದವರು, ಮನೆಯಲ್ಲಿ ಕಾಯಿಲೆ ಬಂದವರು, ಜಾಮೀನು ಬಿದ್ದು ಸಿಕ್ಕಿಕೊಂಡವರು. ಕಟ್ಟಬಾರದು ಎಂದುಕೊಂಡು ಕಟ್ಟದವರು ಬಹಳ ಕಡಿಮೆ.

ಸರಿ, ಕವರಿಗೆ ಬರೋಣ. ಅದು ಸರ್ಫೇಸಿ ಕಾಯಿದೆಯ 13(2)ನೇ ಕಲಮಿನ ನೋಟಿಸು. 2002ರ ಕಾಯಿದೆ. ಅದಕ್ಕೂ ಮುಂಚೆ ಅಡಮಾನದ ಮನೆ ಮಾರಿಸಬೇಕಾದರೆ ಬ್ಯಾಂಕು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆಯಬೇಕಿತ್ತು. ಈ ಕಾಯಿದೆ ಬಂದ ಮೇಲೆ ಕೋರ್ಟಿನ ತೀರ್ಪು ಇಲ್ಲದೆಯೇ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ದೊಡ್ಡ ಅಧಿಕಾರ. ಹಾಗಾಗಿ ಹೆಜ್ಜೆಹೆಜ್ಜೆಗೂ ದಿನದ ಲೆಕ್ಕ ಕಟ್ಟಿದ್ದಾರೆ. ಬ್ಯಾಂಕು ಒಂದು ಹೆಜ್ಜೆ ತಪ್ಪಿದರೂ ಇಡೀ ಹರಾಜು ಬಿದ್ದುಹೋಗಬಹುದು. ಸಾಲಗಾರ ಒಂದು ದಿನ ತಪ್ಪಿದರೆ ಅವನ ಹಕ್ಕು ಬಿದ್ದುಹೋಗಬಹುದು. ವ್ಯತ್ಯಾಸ ಒಂದೇ. ಬ್ಯಾಂಕಿಗೆ ದಿನ ಎಣಿಸಲು ಸಂಬಳದ ಜನ ಇದ್ದಾರೆ, ಹುಡುಗನ ಮನೆಯಲ್ಲಿ ಮುರುಗನ ಫೋಟೋ ಇತ್ತು.

ನೋಟಿಸಿನಲ್ಲಿದ್ದ ಮೊತ್ತ ನೋಡಿ ಹುಡುಗ ಬೆವೆತುಹೋದ. ಬಾಕಿ ಕಂತುಗಳಷ್ಟೇ ಅಲ್ಲ, ಇಡೀ ಸಾಲ, ಮೇಲಿನ ಬಡ್ಡಿ ಸಮೇತ, 60 ದಿನದಲ್ಲಿ ಕಟ್ಟು ಎಂದಿತ್ತು. ಅಸಲೇ 13 ಲಕ್ಷದ 70 ಸಾವಿರ ಚಿಲ್ಲರೆ. "ಸಾರ್, ನಾಲ್ಕು ವರ್ಷ ಆರೂವರೆ ಲಕ್ಷ ಕಟ್ಟಿದ್ದೀನಿ, ಇನ್ನೂ ಹದಿಮೂರು ಮುಕ್ಕಾಲು ಹತ್ತಿರ ಹೇಗೆ ಸಾರ್?" ಲೆಕ್ಕ ಸರಿಯೇ ಇತ್ತು. ಇಪ್ಪತ್ತು ವರ್ಷದ ಸಾಲದಲ್ಲಿ ಮೊದಲ ವರ್ಷಗಳ ಕಂತಿನ ಬಹುಭಾಗ ಬಡ್ಡಿಗೇ ಹೋಗುತ್ತದೆ. 48 ಕಂತಿನಲ್ಲಿ ಅಸಲು ಕರಗಿದ್ದು 1 ಲಕ್ಷ 29 ಸಾವಿರದಷ್ಟು ಮಾತ್ರ. ಈಗ ಆ ಅಸಲಿನ ಮೇಲೆ ದಿನಕ್ಕೆ 338 ರೂಪಾಯಿ ಬಡ್ಡಿ ಬೀಳುತ್ತಿತ್ತು, ಭಾನುವಾರವೂ ಹಬ್ಬವೂ ಸೇರಿ. ಗಣಿ ನಿಂತಾಗ ಒಳಗಿನ ಪಂಪುಗಳೂ ನಿಂತು, ಸುರಂಗಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ತುಂಬಿಕೊಂಡು ಬಂದದ್ದನ್ನು ಅವನ ತಂದೆ ಎಷ್ಟೋ ಸಲ ಹೇಳುತ್ತಿದ್ದರು. ದುಡಿಮೆ ನಿಂತರೂ ನೀರು ನಿಲ್ಲಲಿಲ್ಲ ಎನ್ನುತ್ತಿದ್ದರು.

ಬಡ್ಡಿಯ ಮೇಲೆ ದಂಡವೂ ಇತ್ತು. ಅದನ್ನು ಒಂದೊಂದಾಗಿ ನೋಡಿದೆ. ಮೊದಲೆಲ್ಲ ದಂಡ ಬಡ್ಡಿ ಎಂದು ಹಾಕಿ, ಅದನ್ನು ಅಸಲಿಗೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವ ರೂಢಿ ಇತ್ತು. ರಿಸರ್ವ್ ಬ್ಯಾಂಕು ಅದನ್ನು ನಿಲ್ಲಿಸಿದೆ. 2024ರಿಂದ ಅದು ದಂಡ ಶುಲ್ಕ ಮಾತ್ರ, ಅದರ ಮೇಲೆ ಬಡ್ಡಿ ಬೆಳೆಯುವಂತಿಲ್ಲ. ನೋಟಿಸು ಬಂದವರು ಖಾತೆಯ ಸ್ಟೇಟ್‌ಮೆಂಟು ತೆಗೆಸಿ ಈ ಸಾಲು ನೋಡಲೇಬೇಕು.

ನೋಟಿಸು ಬಂದರೆ ಮಾಡಬೇಕಾದ ಮೊದಲ ಕೆಲಸ ಉತ್ತರ ಬರೆಯುವುದು. ಇದನ್ನು ನಮ್ಮ ಜನ ಮಾಡುವುದೇ ಇಲ್ಲ. ಬ್ಯಾಂಕಿಗೆ ಹೋಗಿ ಮಾತಾಡಿ ಬರುತ್ತಾರೆ, ಅತ್ತು ಬರುತ್ತಾರೆ, ಕೈಮುಗಿದು ಬರುತ್ತಾರೆ. ಅದಕ್ಕೆ ದಾಖಲೆ ಇರುವುದಿಲ್ಲ. 13(3ಎ) ಎಂಬ ಉಪಕಲಮಿನ ಪ್ರಕಾರ ನೀವು ಬರೆದು ಆಕ್ಷೇಪಣೆ ಕೊಟ್ಟರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ 15 ದಿನದೊಳಗೆ ಕಾರಣ ಬರೆದು ತಿಳಿಸಬೇಕು. ತಿಳಿಸದೆ ಮುಂದಿನ ಹೆಜ್ಜೆ ಇಟ್ಟರೆ ಅದು ಬ್ಯಾಂಕಿನ ಲೋಪ, ಮುಂದೆ ನಿಮಗೆ ಆಧಾರ. ಉತ್ತರದಲ್ಲಿ ಏನು ಬರೆಯಬೇಕು? ಕಟ್ಟಿದ ಹಣ ಜಮಾ ಆಗಿಲ್ಲದಿದ್ದರೆ ಅದನ್ನು, ಎನ್‌ಪಿಎ ತಾರೀಖು ತಪ್ಪಿದ್ದರೆ ಅದನ್ನು, ದಂಡ ಜಾಸ್ತಿ ಬಿದ್ದಿದ್ದರೆ ಅದನ್ನು, ಬಾಕಿ ತೀರಿಸಲು ನಿಮ್ಮ ಹತ್ತಿರ ಇರುವ ದಾರಿಯನ್ನು. ಅಡಮಾನವಿಟ್ಟದ್ದು ಕೃಷಿ ಭೂಮಿಯಾಗಿದ್ದರೆ ಅದನ್ನೂ ಬರೆಯಬೇಕು, ಯಾಕೆಂದರೆ ಕೃಷಿ ಭೂಮಿಯ ಮೇಲೆ ಈ ಕಾಯಿದೆ ನಡೆಯುವುದಿಲ್ಲ, ಬ್ಯಾಂಕು ಬೇರೆ ದಾರಿಯಲ್ಲಿ ಹೋಗಬೇಕು. ತೀರಬೇಕಾದ ಸಾಲ ಅಸಲು ಬಡ್ಡಿ ಮೊತ್ತದ ಶೇಕಡಾ 20ಕ್ಕಿಂತ ಕಡಿಮೆ ಉಳಿದಿದ್ದರೂ ಈ ಕಾಯಿದೆ ಬಳಸುವಂತಿಲ್ಲ. ಹದಿನೇಳು ವರ್ಷ ಕಟ್ಟಿ ಕೊನೆಯಲ್ಲಿ ಎಡವಿದವರಿಗೆ ಇದು ನೆನಪಿರಲಿ.

ನಮ್ಮ ಹುಡುಗನಿಗೆ ಇವು ಯಾವುದೂ ಹೊಂದುತ್ತಿರಲಿಲ್ಲ. ಸೈಟು ಕನ್ವರ್ಷನ್ ಆದದ್ದು, ಲೆಕ್ಕ ಸರಿ, ತಾರೀಖು ಸರಿ. ಅವನಿಗೆ ಉಳಿದದ್ದು ಬಾಕಿ ತೀರಿಸುವ ದಾರಿ. ನೋಟಿಸಿನ ದೊಡ್ಡ ಮೊತ್ತ ನೋಡಿ ಕೈಚೆಲ್ಲಿದ್ದ ಅವನಿಗೆ ನಾನು ಹಾಳೆಯ ಹಿಂದೆ ಸಣ್ಣ ಲೆಕ್ಕ ಬರೆದು ತೋರಿಸಿದೆ. ಜನವರಿಯಿಂದ ಜೂನ್ 5ರವರೆಗೆ ಆರು ಕಂತು, 80,976. ಅದರಲ್ಲಿ ಕಟ್ಟಿದ 8,000 ಕಳೆದರೆ 72,976. ಮೇಲೆ ದಂಡ ಶುಲ್ಕ, ನೋಟಿಸಿನ ಖರ್ಚು. ಇಷ್ಟು ತೀರಿದರೆ ಖಾತೆ ಎನ್‌ಪಿಎಯಿಂದ ಹೊರಗೆ ಬರುತ್ತದೆ. ಇಡೀ ಸಾಲ ಕೇಳುವ ಹಕ್ಕು ಬ್ಯಾಂಕಿಗೆ ಬಂದಾಗಿತ್ತು ನಿಜ, ಆದರೆ ವಾಸದ ಮನೆಯ ಸಾಲದಲ್ಲಿ ಬಾಕಿ ಪೂರ್ತಿ ತೀರಿದ ಖಾತೆಯ ಮೇಲೆ ಬ್ಯಾಂಕುಗಳು ಸಾಮಾನ್ಯವಾಗಿ ಮುಂದಕ್ಕೆ ಹೋಗುವುದಿಲ್ಲ. ಹದಿಮೂರು ಮುಕ್ಕಾಲು ಲಕ್ಷ ಅವನಿಗೆ ಬೆಟ್ಟ. ಎಪ್ಪತ್ತಮೂರು ಸಾವಿರ ಏರಬಹುದಾದ ದಿಬ್ಬ.

ಎಲ್ಲಿಂದ ತರುವುದು ಎಂಬುದರಲ್ಲಿ ನಾವು ಒಂದು ಸಂಜೆ ಪೂರ್ತಿ ಕಳೆದೆವು. ಸಂಘದ ಸಾಲ ತೆಗೆಯುತ್ತೇನೆ ಎಂದ. ವಾರವಾರ ಕಟ್ಟುವ ಮೈಕ್ರೋ ಫೈನಾನ್ಸ್ ಸಾಲವನ್ನು ನಮ್ಮ ಕಡೆ ಸಂಘ ಅನ್ನುತ್ತಾರೆ. ಬೇಡ ಎಂದೆ. ಶೇಕಡಾ 9ರ ಸಾಲ ಉಳಿಸಿಕೊಳ್ಳಲು ಅದರ ಎರಡು ಪಟ್ಟಿಗೂ ಮೀರಿದ ಬಡ್ಡಿಗೆ ಕೈಹಾಕಿ, ವಾರದ ಕಂತಿಗೆ ಸಿಕ್ಕಿಕೊಂಡ ಮನೆಗಳನ್ನು ಚಾಂಪಿಯನ್ ರೀಫ್ಸಿನ ಗಣಿ ಲೈನುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೊನೆಗೆ ಅವನ ತಾಯಿಯೇ ಎರಡು ಸವರನ್ನಿನ ಸರ ತೆಗೆದುಕೊಟ್ಟರು. ಅದು ಮಾರುವುದಲ್ಲ, ಬ್ಯಾಂಕಿನಲ್ಲೇ ಒಡವೆ ಸಾಲ. ಆ ಸರ ಇದೇ ಮಣ್ಣಿನ ಚಿನ್ನವೋ ಅಲ್ಲವೋ ಯಾರಿಗೆ ಗೊತ್ತು. ನೆಲದೊಳಗಿಂದ ಚಿನ್ನ ತೆಗೆದವರ ಮನೆಯಲ್ಲಿ ಉಳಿದಿದ್ದ ಚಿನ್ನ ಅಷ್ಟೇ. ಜೂನ್ 16ಕ್ಕೆ ಬಾಕಿ ಪೂರ್ತಿ ಕಟ್ಟಿ, ಕಟ್ಟಿದ ರಸೀದಿ ಲಗತ್ತಿಸಿ, ಖಾತೆಯನ್ನು ಸರಿಪಡಿಸಿ ನೋಟಿಸು ಹಿಂತೆಗೆಯಿರಿ ಅಂತ ಒಂದು ಪತ್ರ ಬರೆಸಿ, ನಕಲಿನ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಂಡು ಬಂದ. 24ರವರೆಗೆ ಕಾಲ ಇತ್ತು. ಅಷ್ಟರಲ್ಲಿ ಮಾಲೂರಿನ ಕಡೆ ಒಂದು ಕೆಲಸವೂ ಸಿಕ್ಕಿತು, ಮೊದಲಿಗಿಂತ ಸಂಬಳ ಕಡಿಮೆ. ಅವಧಿ ಉದ್ದ ಮಾಡಿ ಕಂತು ಇಳಿಸಿಕೊಡಿ ಎಂದು ಕೇಳಿದ್ದಾನೆ. ಈ ಮಾತನ್ನು ಜನವರಿಯಲ್ಲೇ, ಕೆಲಸ ಹೋದ ಮಾರನೆಯ ವಾರವೇ ಕೇಳಿದ್ದರೆ ಬ್ಯಾಂಕಿಗೂ ಸಲೀಸು, ಅವನಿಗೂ ಸಲೀಸು.

ಈ ನಡುವೆ ಅವನ ಮನೆಗೆ ವಸೂಲಿ ಏಜೆಂಟರು ಬಂದಿದ್ದರಂತೆ, ರಾತ್ರಿ ಎಂಟೂವರೆಗೆ, ಬೀದಿಯವರೆಲ್ಲ ಕೇಳುವ ಹಾಗೆ ಮಾತಾಡಿದರಂತೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ವಸೂಲಿಗೆ ಕರೆ ಮಾಡಬಾರದು, ಮನೆಯವರನ್ನು ಬೆದರಿಸಬಾರದು, ಅವಮಾನ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬಂದವರ ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಕೇಳಿ, ಹೆಸರು ಸಮಯ ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಜೈಲಿಗೆ ಹಾಕಿಸುತ್ತೇವೆ ಎಂದೂ ಅಂದರಂತೆ. ಕಂತು ಕಟ್ಟಲಾಗದೇ ಹೋಗುವುದು ಅಪರಾಧವಲ್ಲ. ಆದರೆ ಚೆಕ್ಕು ಕೊಟ್ಟು ಅದು ಬೌನ್ಸಾದರೆ, ಖಾತೆಯಿಂದ ತಾನಾಗಿ ಕತ್ತರಿಸುವ ಕಂತು ಹಣವಿಲ್ಲದೆ ವಾಪಸ್ಸಾದರೆ, ಅದರ ಮೇಲೆ ಕ್ರಿಮಿನಲ್ ಕೇಸು ಹಾಕುವ ಅವಕಾಶ ಕಾನೂನಿನಲ್ಲಿದೆ. ಆ ಬಗ್ಗೆ ಹಣ ಕೇಳಿ ನೋಟಿಸು ಬಂದರೆ 15 ದಿನದೊಳಗೆ ಕಟ್ಟಿದರೆ ಕೇಸು ಹುಟ್ಟುವುದಿಲ್ಲ. ಇದೂ ಒಂದು ಕವರೇ, ಇದಕ್ಕೂ ಒಂದು ತಾರೀಖು.

ಹುಡುಗನಿಗೆ ಜಾಮೀನು ಹಾಕಿದ್ದವರು ಬೆಮೆಲ್‌ನಿಂದ ನಿವೃತ್ತರಾದ ಅವನ ಮಾವ. ಅವರಿಗೂ ಅದೇ ನೋಟಿಸು ಹೋಗಿತ್ತು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂಬುದನ್ನು ಸಹಿ ಹಾಕುವ ದಿನ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೊದಲು ಅವನಿಂದ ವಸೂಲು ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನಲು ಬರುವುದಿಲ್ಲ.

ಇನ್ನೊಬ್ಬರ ಕಥೆ ಹೇಳಬೇಕು. ಅದು ಹೀಗೆ ಮುಗಿಯಲಿಲ್ಲ. ಬಂಗಾರಪೇಟೆಯವರೇ, ತರಕಾರಿ ವ್ಯಾಪಾರಿ, ನನಗಿಂತ ಎರಡು ವರ್ಷ ದೊಡ್ಡವರು. ಮನೆ ಮೇಲೆ ವ್ಯಾಪಾರಕ್ಕೆ ಸಾಲ ತೆಗೆದಿದ್ದರು. 60 ದಿನ ಕಳೆಯಿತು. ಒಂದು ದಿನ ಬ್ಯಾಂಕಿನವರು ಬಂದು ಬಾಗಿಲಿಗೆ ಒಂದು ಕಾಗದ ಅಂಟಿಸಿ, ಫೋಟೋ ತೆಗೆದುಕೊಂಡು ಹೋದರು. ಮನೆಯಿಂದ ಯಾರನ್ನೂ ಹೊರಗೆ ಹಾಕಲಿಲ್ಲ. ಹಾಗಾಗಿ ಏನೂ ಆಗಿಲ್ಲ ಎಂದುಕೊಂಡರು. ನಿಜಕ್ಕೂ ಅಂದೇ ಬ್ಯಾಂಕು ಮನೆಯನ್ನು ಕಾಗದದ ಮೇಲೆ ವಶಕ್ಕೆ ತೆಗೆದುಕೊಂಡಿತ್ತು. ವಾರದೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಕನ್ನಡದ್ದು, ಸ್ವಾಧೀನದ ಪ್ರಕಟಣೆಯೂ ಬಂತು. ಆ ಕಾಗದ ಅಂಟಿಸಿದ ದಿನದಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಡಿಆರ್‌ಟಿ ಅನ್ನುತ್ತಾರೆ, ಅರ್ಜಿ ಹಾಕಬಹುದಿತ್ತು. ಬ್ಯಾಂಕು ಹೆಜ್ಜೆ ತಪ್ಪಿದ್ದರೆ ಅಲ್ಲಿ ಪರಿಹಾರ ಸಿಗುತ್ತದೆ. ಅವರು ಕೋಲಾರದ ಸಿವಿಲ್ ಕೋರ್ಟಿಗೆ ಹೋದರು. ಈ ಕಾಯಿದೆಯ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ. ಅಲ್ಲಿ ಇಲ್ಲಿ ಓಡಾಡುವಷ್ಟರಲ್ಲಿ 45 ದಿನ ಮುಗಿಯಿತು.

ಆಮೇಲೆ ಬ್ಯಾಂಕು ಕೋಲಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ 14ನೇ ಕಲಮಿನ ಅರ್ಜಿ ಹಾಕಿತು. ಮನೆಯನ್ನು ನಿಜವಾಗಿ ಖಾಲಿ ಮಾಡಿಸಲು ಬೇಕಾದ ಆದೇಶ, ಪೊಲೀಸರ ಸಹಾಯ ಅಲ್ಲಿಂದ ಬರುತ್ತದೆ. ಬ್ಯಾಂಕಿನವರು ತಾವೇ ಬಂದು ಜೋರು ಮಾಡಿ ಹೊರಗೆ ಹಾಕುವಂತಿಲ್ಲ. ಮನೆಯ ಬೆಲೆ ಕಟ್ಟಿಸಿ, ಹರಾಜಿನ ಕನಿಷ್ಠ ಬೆಲೆ ಗೊತ್ತುಮಾಡಿ, ಮಾರಾಟಕ್ಕೆ 30 ದಿನ ಮುಂಚೆ ನೋಟಿಸು ಕೊಟ್ಟರು. ಪತ್ರಿಕೆಯಲ್ಲಿ ಹರಾಜು ಪ್ರಕಟಣೆ ಬಂತು. ಅದನ್ನು ಓದಿದ ಹೊಸೂರಿನಲ್ಲಿರುವ ಅವರ ತಂಗಿ ಹೊಲ ಮಾರಿಟ್ಟಿದ್ದ ಹಣ ತೆಗೆದುಕೊಂಡು ಎರಡನೆಯ ದಿನ ಓಡಿ ಬಂದರು. ಅಣ್ಣ ತಂಗಿ ಇಬ್ಬರೂ ಪೂರ್ತಿ ಹಣ ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತರು. ತಡವಾಗಿತ್ತು. ಮೊದಲು ಹರಾಜು ಮುಗಿದು ಮನೆ ಮಾರಾಟ ಆಗುವವರೆಗೂ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕಿತ್ತು. 2016ರ ತಿದ್ದುಪಡಿಯ ಮೇಲೆ, ಹರಾಜಿನ ಪ್ರಕಟಣೆ ಹೊರಬೀಳುವುದಕ್ಕೆ ಮುಂಚೆ ಮಾತ್ರ. ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಅದನ್ನೇ ಗಟ್ಟಿ ಮಾಡಿ ಹೇಳಿತು. ಮನೆ ಹರಾಜಾಯಿತು. ಸಾಲ, ಖರ್ಚು ಕಳೆದು ಮಿಕ್ಕ ಹಣವನ್ನು ಬ್ಯಾಂಕು ಅವರಿಗೆ ಕೊಟ್ಟಿತು. ಕೊಡಲೇಬೇಕು, ಅದು ಕಾನೂನು. ಈಗ ಅವರು ಅದೇ ಬೀದಿಯ ಬಾಡಿಗೆ ಮನೆಯಲ್ಲಿದ್ದಾರೆ.

ಎರಡು ದಿನ. ಆ ಎರಡು ದಿನವನ್ನು ನೆನೆದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಅವರ ಮನೆಗೆ ಒಟ್ಟು ಮೂರು ನೋಟಿಸು ಬಂದಿದ್ದವು. ಮೂರೂ ಇಂಗ್ಲಿಷಿನಲ್ಲಿದ್ದವು. ಯಾವುದರಲ್ಲೂ "ಇಂಥ ತಾರೀಖು ದಾಟಿದರೆ ನಿಮ್ಮ ಇಂಥ ಹಕ್ಕು ಹೋಗುತ್ತದೆ" ಅಂತ ಅವರಿಗೆ ಅರ್ಥವಾಗುವ ಒಂದು ಸಾಲು ಇರಲಿಲ್ಲ. ಸಾಲ ಕೊಡುವಾಗ ಬಂದು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಮಾತಾಡುವ ನಾವು, ಮನೆ ತೆಗೆದುಕೊಳ್ಳುವಾಗ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ನಾನೂ ಹಾಗೆ ಬರೆದ ನೋಟಿಸುಗಳಿಗೆ ಸಹಿ ಹಾಕಿದ್ದೇನೆ. ಅದು ತಪ್ಪು. ಎಸ್‌ಎಂಎ ಎಂದರೇನು, ಎನ್‌ಪಿಎ ಯಾವ ದಿನ ಆಗುತ್ತದೆ ಎಂದು ಸಾಲಗಾರರಿಗೆ ತಿಳಿಹೇಳಬೇಕು ಅಂತ ರಿಸರ್ವ್ ಬ್ಯಾಂಕು 2021ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಹಾಗಾಗಿ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯ ಶಾಖೆಗಳಲ್ಲಿ ಇವತ್ತು ನನ್ನ ಕುರ್ಚಿಯಲ್ಲಿ ಕೂತಿರುವವರಲ್ಲಿ ಒಂದು ಬೇಡಿಕೆ. ನೋಟಿಸಿಗೆ ಒಂದೇ ಒಂದು ಹಾಳೆ ಪಿನ್ನು ಮಾಡಿ ಕಳಿಸಿ, ಕನ್ನಡದಲ್ಲಿ ಒಂದು ಬದಿ, ತಮಿಳಿನಲ್ಲಿ ಇನ್ನೊಂದು ಬದಿ. ಅದರಲ್ಲಿ ಮೂರೇ ತಾರೀಖು ಇರಲಿ: ಈ 60 ದಿನ ಮುಗಿಯುವುದು ಯಾವತ್ತು, ಡಿಆರ್‌ಟಿಗೆ ಹೋಗಲು ಕೊನೆಯ ದಿನ ಯಾವುದು, ಹರಾಜಿನ ಪ್ರಕಟಣೆ ಯಾವ ದಿನ ಬರಲಿದೆ. ಮತ್ತು ಇದನ್ನು ಓದುತ್ತಿರುವ ನಿಮ್ಮಲ್ಲೂ ಒಂದು ಮಾತು: ಇವತ್ತು ಸಂಜೆ ಮನೆಗೆ ಹೋದಾಗ ಒಮ್ಮೆ ದೇವರ ಫೋಟೋ ಹಿಂದೆ ಕೈಹಾಕಿ ನೋಡಿ.